ಕೊನೆಯ ಪ್ಯಾರಾ

ಬಿ.ಎಸ್ಸಿ. ಮೊದಲ ವರ್ಷ, ಬೆಂಗಳೂರಿನ ಕಾಲೇಜೊಂದರ ಲ್ಯಾಬಿನಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಅಳೆಯುವ ಪ್ರಯೋಗ. ಒಂದು ಮೀಟರ್ ಉದ್ದದ ಲೋಲಕ, ಹಿತ್ತಾಳೆಯ ಗುಂಡು, ಒಂದು ಸ್ಟಾಪ್‌ವಾಚ್. 20 ಆಂದೋಲನಗಳಿಗೆ 40.9 ಸೆಕೆಂಡು ಹಿಡಿಯಿತು. ಲೆಕ್ಕ ಹಾಕಿದಾಗ g ಬಂದದ್ದು 9.44. ಬೆಂಗಳೂರಿನಲ್ಲಿ ಅದು ಸುಮಾರು 9.78 ಬರಬೇಕು.

ರೆಕಾರ್ಡಿನಲ್ಲಿ ಚರ್ಚೆಯ ಭಾಗದ ಕೊನೆಗೆ ಎಲ್ಲರಂತೆ ನಾನೂ ಬರೆದೆ: ‘ಮಾನವ ದೋಷದಿಂದ ವ್ಯತ್ಯಾಸ ಬಂದಿದೆ. ನಿರ್ವಾತದಲ್ಲಿ, ಉತ್ತಮ ಗಡಿಯಾರ ಬಳಸಿ ಮಾಡಿದರೆ ನಿಖರ ಉತ್ತರ ಸಿಗುತ್ತದೆ.’

ಮೇಡಂ ಅದನ್ನು ಓದಿ ಸಹಿ ಹಾಕಲಿಲ್ಲ. “ನಿರ್ವಾತದಲ್ಲಿ ಮಾಡಿದ್ರೆ ನಿನ್ನ ಉತ್ತರ ಎಷ್ಟು ಬದಲಾಗುತ್ತೆ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. “ಲೆಕ್ಕ ಹಾಕ್ಕೊಂಡು ಬಾ” ಅಂದರು.

ಆ ಸಂಜೆ ಕೂತು ಲೆಕ್ಕ ಹಾಕಿದೆ. ಹಿತ್ತಾಳೆ ಗಾಳಿಗಿಂತ ಸಾವಿರಾರು ಪಟ್ಟು ಸಾಂದ್ರ. ಗಾಳಿಯನ್ನೆಲ್ಲ ಹೊರಹಾಕಿದರೂ g ಬದಲಾಗುವುದು ಮೂರನೆಯ ದಶಮಾಂಶದಲ್ಲಿ. ಸ್ಟಾಪ್‌ವಾಚ್ ಒತ್ತುವಾಗ 0.2 ಸೆಕೆಂಡು ತಪ್ಪಿದರೆ g ಸುಮಾರು 0.1ರಷ್ಟು ಹೆಚ್ಚುಕಡಿಮೆಯಾಗುತ್ತದೆ. ಗುಂಡಿನ ಕೇಂದ್ರದವರೆಗೆ ಅಳೆಯದೆ ಒಂದು ಸೆಂಟಿಮೀಟರ್ ಬಿಟ್ಟಿದ್ದರೂ ಅಷ್ಟೇ. ನನಗೆ ಕಡಿಮೆ ಬಿದ್ದಿದ್ದದ್ದು 0.34. ಇವೆರಡೂ ಒಂದೇ ಕಡೆಗೆ ಕೂಡಿದರೂ ಅದು ತುಂಬುತ್ತಿರಲಿಲ್ಲ.

ಆಗ ನೆನಪಾಯಿತು: ಚೆನ್ನಾಗಿ ಕಾಣಲಿ ಎಂದು ಗುಂಡನ್ನು ಬಹಳ ದೂರ ಎಳೆದು ಬಿಟ್ಟಿದ್ದೆ, ಸುಮಾರು 30 ಡಿಗ್ರಿ. ನಾವು ಬಳಸುವ ಸೂತ್ರ ಸಣ್ಣ ಕೋನಕ್ಕೆ ಮಾತ್ರ ಸರಿ. 30 ಡಿಗ್ರಿಯಲ್ಲಿ ಆಂದೋಲನದ ಅವಧಿ ಶೇಕಡಾ 1.7ರಷ್ಟು ಹೆಚ್ಚುತ್ತದೆ, g ಶೇಕಡಾ 3.4ರಷ್ಟು ಇಳಿಯುತ್ತದೆ. ಅಂದರೆ ಹೆಚ್ಚುಕಡಿಮೆ ನನ್ನ 0.34.

ಹೊಂದಿಕೆಯಾಯಿತೆಂದ ಮಾತ್ರಕ್ಕೆ ಕಾರಣ ಅದೇ ಎನ್ನುವಂತಿಲ್ಲ. ಹಾಗಾಗಿ ಕೊನೆಯ ಪ್ಯಾರಾವನ್ನು ಹೊಡೆದುಹಾಕಿ ಹೀಗೆ ಬರೆದೆ: ‘ಉದ್ದ ಬದಲಿಸದೆ, ಅದೇ ಸ್ಟಾಪ್‌ವಾಚಿನಲ್ಲಿ, 5 ಮತ್ತು 30 ಡಿಗ್ರಿಗಳಿಂದ ಬಿಟ್ಟು ತಲಾ 20 ಆಂದೋಲನಗಳನ್ನು ಮೂರು ಸಲ ಅಳೆಯಬೇಕು. ದೋಷ ಕೋನದ್ದಾದರೆ ಎರಡರ ನಡುವೆ ಸುಮಾರು 0.7 ಸೆಕೆಂಡು ವ್ಯತ್ಯಾಸ ಬರುತ್ತದೆ. ತೂಗುತ್ತ ಕೋನ ಕುಗ್ಗುವುದರಿಂದ ತುಸು ಕಡಿಮೆಯೇ ಬರಬಹುದು. ದೋಷ ಉದ್ದದ್ದಾದರೆ ಎರಡೂ ಕೋನಗಳಲ್ಲಿ g ಒಂದೇ ಪ್ರಮಾಣದಲ್ಲಿ ತಪ್ಪಬೇಕು. 5 ಡಿಗ್ರಿಯಲ್ಲೂ ಅದು ಕಡಿಮೆಯೇ ಉಳಿಯುತ್ತದೆ.’

0.7 ಸೆಕೆಂಡು ನನ್ನ ಬೆರಳಿನ ತಪ್ಪಿಗಿಂತ ದೊಡ್ಡದು. ಹೊಸ ಉಪಕರಣ ಬೇಕಾಗಿರಲಿಲ್ಲ. ಅರ್ಧ ಗಂಟೆ ಸಾಕಿತ್ತು.

ಮೇಡಂ ಈ ಸಲವೂ ಸಹಿ ಹಾಕಲಿಲ್ಲ. “ಅರ್ಧ ಗಂಟೆ ಅಂತ ನೀನೇ ಬರ್ದಿದೀಯಲ್ಲ, ಮಾಡು” ಎಂದು ಲೋಲಕದ ಕಡೆ ಕೈ ತೋರಿಸಿದರು. 30 ಡಿಗ್ರಿಗೆ 40.8 ಬಂತು, 5 ಡಿಗ್ರಿಗೆ 40.2. ಆ 40.2ರಿಂದ g 9.77.