ಕಂತು ಅದೇ, ಭಾರ ಎಲ್ಲರಿಗೂ ಒಂದೇ ಅಲ್ಲ

ಗೆಳೆಯರೇ, ಮನೆ ಸಾಲ ಅಂದ್ರೆ ಇಪ್ಪತ್ತು ವರ್ಷದ ಜೀತ ಅಂತ ನಮ್ಮವರು ಹೆದರ್ತಾರೆ. ಗುಮಾಸ್ತನ ಲೆಕ್ಕ ಕೇಳಿ.

10 ಲಕ್ಷ ಸಾಲ, ಬಡ್ಡಿ 9%, ಅವಧಿ 20 ವರ್ಷ. ತಿಂಗಳ ಕಂತು ಸುಮಾರು 9,000. ಸಂಬಳ 25,000 ಇದ್ದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಲ್ಲೇ ಹೋಯ್ತು. ಮೊದಲ ವರ್ಷಗಳು ಹೊಟ್ಟೆ ಬಟ್ಟೆ ಕಟ್ಟೋ ವರ್ಷಗಳೇ. ಆದ್ರೆ ತುಟ್ಟಿಭತ್ಯೆ, ಇನ್‌ಕ್ರಿಮೆಂಟ್ ಸೇರಿ ಸಂಬಳ ವರ್ಷಕ್ಕೆ 6% ಏರಿದರೆ ಹತ್ತು ವರ್ಷಕ್ಕೆ 44,000 ದಾಟುತ್ತೆ. ಕಂತು ಆಗ ಐದನೇ ಒಂದು ಪಾಲು, ಕೊನೆಗೆ ಒಂಬತ್ತನೇ ಒಂದು ಪಾಲು.

ಈಗ ಅದೇ 25,000ಕ್ಕೆ ದುಡಿಯೋ ಗುತ್ತಿಗೆ ನೌಕರರನ್ನ ನೋಡಿ. ಸಂಬಳ ಏರಲಿಲ್ಲ, ಬೆಲೆ ಮಾತ್ರ 6% ಏರ್ತಾ ಹೋಯ್ತು ಅಂದ್ಕೊಳ್ಳಿ. ಕಂತು ಕಟ್ಟಿ ಉಳಿಯೋ 16,000ಕ್ಕೆ ಹತ್ತು ವರ್ಷದ ಮೇಲೆ ಸಿಗೋದು ಇವತ್ತು 9,000ಕ್ಕೆ ಸಿಗುವಷ್ಟು ಅಕ್ಕಿ, ಬೇಳೆ, ಔಷಧಿ. ಬೆಲೆ ಏರಿದ ಮಾತ್ರಕ್ಕೆ ಕಂತು ಹಗುರ ಆಗಲ್ಲ. ಬೆಲೆಯ ಜೊತೆ ಸಂಬಳವೂ ಏರಿದವರಿಗೆ ಮಾತ್ರ ಹಗುರ. ಕಾಯಂ ನೌಕರಿ ಕೇಳೋದು ಅದಕ್ಕೇ.

ಇನ್ನೊಂದು. ಬಡ್ಡಿ ಬದಲಾಗೋ ಸಾಲದಲ್ಲಿ ದರ ಏರಿದಾಗ ಬ್ಯಾಂಕು ಎಷ್ಟೋ ಸಲ ಕಂತು ಮುಟ್ಟದೆ ಅವಧಿ ಎಳೆಯುತ್ತೆ. ಕಂತು ಅದೇ ಇದೆ ಅಂತ ಸುಮ್ಮನಿರಬೇಡಿ. ಸ್ಟೇಟ್‌ಮೆಂಟಿನಲ್ಲಿ ಉಳಿದ ಕಂತು ಎಷ್ಟು ನೋಡಿ. ಕಂತು ಏರಿಸಬೇಕೋ ಅವಧಿ ಹೆಚ್ಚಿಸಬೇಕೋ ಅಂತ ನಿಮ್ಮನ್ನ ಕೇಳಬೇಕು ಅಂತ 2023ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಕೇಳಿ ಪಡೀರಿ.