ಮಬ್ಬು ಕೋಣೆಗೆ ಎಷ್ಟು ಮೆಗಾಪಿಕ್ಸೆಲ್ ಬೇಕು?

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನಗೆ ಸಿಕ್ಕಿದ್ದು ಮಲೆನಾಡಿನ ಒಂದು ಪ್ರೌಢಶಾಲೆಯ ಹತ್ತನೇ ತರಗತಿ, ಪಾಠ ಮಾನವನ ಕಣ್ಣು. ಪಾಪೆ ಕತ್ತಲಲ್ಲಿ ಅಗಲವಾಗುತ್ತದೆ, ಬೆಳಕಿನಲ್ಲಿ ಕಿರಿದಾಗುತ್ತದೆ ಎಂಬುದನ್ನು ಕ್ಯಾಮೆರಾದೊಂದಿಗೆ ಹೋಲಿಸಿ ಹೇಳಬೇಕೆಂದು ನಮ್ಮ ಕಾಲೇಜಿನ ಪ್ರಯೋಗಾಲಯದ 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ತೆಗೆದುಕೊಂಡು ಹೋಗಿದ್ದೆ. ಅದನ್ನು ಮೇಜಿನ ಮೇಲಿಡುತ್ತಲೇ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ: “ಮೇಡಂ, ನಮ್ಮಣ್ಣನ ಮೊಬೈಲು 108 ಮೆಗಾಪಿಕ್ಸೆಲ್. ನಿಮ್ದು ಬರೀ 24. ಇಷ್ಟು ದೊಡ್ಡ ಕ್ಯಾಮೆರಾ ಯಾಕೆ ಬೇಕು?”

ಈ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರಿಸಿ ಮುಂದೆ ಹೋಗಬಹುದಿತ್ತು. ಆದರೆ ಬೆಳಕು, ಮಸೂರ, ಸಂಗಮದೂರ, ವಿಸ್ತೀರ್ಣ, ವರ್ಗಮೂಲ ಇಷ್ಟೂ ಅದರೊಳಗೆ ಇದ್ದವು, ಅವೆಲ್ಲ ಮಕ್ಕಳಿಗೆ ಆಗಲೇ ಗೊತ್ತಿರುವ ವಿಷಯಗಳು. ಮಾರ್ಗದರ್ಶಕ ಶಿಕ್ಷಕರ ಅನುಮತಿ ಪಡೆದು ಮುಂದಿನ ಎರಡು ಅವಧಿಗಳನ್ನು ಅದಕ್ಕೇ ಇಟ್ಟುಕೊಂಡೆ. ಆ ಪಾಠ ಹೇಗೆ ಕಟ್ಟಿಕೊಂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ, ಮೆಗಾಪಿಕ್ಸೆಲ್ ಎಂದರೆ ಏನನ್ನು ಎಣಿಸುತ್ತಾರೆ ಎಂದು ಸ್ಪಷ್ಟಪಡಿಸಿಕೊಳ್ಳುವುದು. ಕಣ್ಣಿನಲ್ಲಿ ರೆಟಿನಾ ಇರುವ ಜಾಗದಲ್ಲಿ ಕ್ಯಾಮೆರಾದಲ್ಲಿ ಸೆನ್ಸರ್ ಇರುತ್ತದೆ. ಅದರ ಮೈಯನ್ನು ಸಣ್ಣ ಸಣ್ಣ ಚೌಕಗಳಾಗಿ ಭಾಗ ಮಾಡಿರುತ್ತಾರೆ. ಹತ್ತು ಲಕ್ಷ ಚೌಕಗಳಿದ್ದರೆ ಒಂದು ಮೆಗಾಪಿಕ್ಸೆಲ್. ಅಂದರೆ ಈ ಸಂಖ್ಯೆ ಹೊಲವನ್ನು ಎಷ್ಟು ಮಡಿ ಮಾಡಿದ್ದಾರೆ ಎಂದು ಹೇಳುತ್ತದೆ, ಹೊಲ ಎಷ್ಟು ಎಕರೆ ಎಂದು ಹೇಳುವುದಿಲ್ಲ. ಮಳೆ ಎಷ್ಟು ಬಿತ್ತು ಎಂಬುದು ಮಡಿಗಳ ಲೆಕ್ಕದಿಂದ ಬದಲಾಗುವುದಿಲ್ಲ.

ಇಲ್ಲಿಯವರೆಗೆ ಮಕ್ಕಳು ಸುಲಭವಾಗಿ ಬಂದರು. ಮಡಿ ಚಿಕ್ಕದಾದರೆ ತೊಂದರೆ ಏನು ಎಂಬುದನ್ನು ತೋರಿಸಲು ಒಂದು ಕರಿ ಕಂಬಳಿ ಮತ್ತು ಒಂದು ಹಿಡಿ ಅಕ್ಕಿ ಸಾಕಾಯಿತು. ಕಂಬಳಿಯ ಮೇಲೆ ಸೀಮೆಸುಣ್ಣದಿಂದ ದೊಡ್ಡದೊಂದು ಚೌಕ ಬರೆದು ಅದನ್ನು ನಾಲ್ಕು ಭಾಗ ಮಾಡಿದೆವು. ಅಗಲ ಕಣ್ಣಿನ ಜರಡಿಯನ್ನು ಎತ್ತರದಲ್ಲಿ ಹಿಡಿದು ಅಲ್ಲಾಡಿಸುತ್ತಾ ಅಕ್ಕಿ ಉದುರಿಸಿದೆವು. ನಯವಾದ ನೆಲದಲ್ಲಾದರೆ ಕಾಳು ಪುಟಿದು ಓಡುತ್ತವೆ, ಕಂಬಳಿಯಲ್ಲಿ ಬಿದ್ದಲ್ಲೇ ನಿಲ್ಲುತ್ತವೆ. ಗೆರೆಯ ಮೇಲೆ ಬಿದ್ದ ಕಾಳು ಎಡಗಡೆಯ ಮನೆಗೆ ಸೇರಬೇಕು ಎಂದು ಮೊದಲೇ ಒಪ್ಪಂದ ಮಾಡಿಕೊಂಡಿದ್ದೆವು. ಎಣಿಸಿದಾಗ ನಾಲ್ಕು ಮನೆಗಳಲ್ಲಿ 104, 93, 110, 93 ಕಾಳು ಬಂದವು. ಒಟ್ಟು 400, ಸರಾಸರಿ 100. ಹೆಚ್ಚುಕಡಿಮೆ ಆಗಿದ್ದು ಹತ್ತರ ಒಳಗೆ.

ಆಮೇಲೆ ಅಕ್ಕಿಯನ್ನು ಮುಟ್ಟದೆ, ದಾರ ಎಳೆದು ಪ್ರತಿ ಮನೆಯನ್ನೂ ಒಂಬತ್ತು ಸಣ್ಣ ಮನೆಗಳಾಗಿ ಮಾಡಿದೆವು. ಈಗ ಒಟ್ಟು 36 ಮನೆ. ಸರಾಸರಿ ಸುಮಾರು 11 ಕಾಳು. ಆದರೆ ಒಂದು ಮನೆಯಲ್ಲಿ 6 ಇದ್ದರೆ ಇನ್ನೊಂದರಲ್ಲಿ 17 ಇದ್ದವು. ಮೇಲಿನಿಂದ ಅಕ್ಕಿ ಒಂದೇ ಸಮನಾಗಿ ಬಿದ್ದಿದ್ದರೂ ಸಣ್ಣ ಮನೆಗಳ ಲೆಕ್ಕ ನೋಡಿದವರಿಗೆ ಹಾಗೆ ಅನ್ನಿಸುವುದಿಲ್ಲ. “ಇದು ಮೊಬೈಲಲ್ಲಿ ರಾತ್ರಿ ತೆಗೆದ ಫೋಟೋ ಥರ ಇದೆ” ಎಂದಳು ಒಬ್ಬ ಹುಡುಗಿ. ಅವಳ ಮಾತು ಹೋಲಿಕೆಗಿಂತ ಹೆಚ್ಚಿನದು. ಕತ್ತಲಲ್ಲಿ ತೆಗೆದ ಚಿತ್ರದಲ್ಲಿ ಬಿಳಿ ಗೋಡೆಯ ಮೇಲೆ ಮರಳು ಎರಚಿದಂತೆ ಕಾಣುವ ಕಲೆಗಳಿಗೆ ಮುಖ್ಯ ಕಾರಣ ಇದೇ. ಬೆಳಕೂ ಫೋಟಾನ್ ಎಂಬ ಕಾಳುಗಳಾಗಿಯೇ ಬೀಳುತ್ತದೆ. ಒಂದು ಮನೆಗೆ ಸರಾಸರಿ 100 ಬಿದ್ದರೆ ಸಾಮಾನ್ಯವಾಗಿ ಅದರ ವರ್ಗಮೂಲದಷ್ಟು, ಅಂದರೆ 10ರಷ್ಟು, ಏರುಪೇರು ಆಗುತ್ತದೆ: ನೂರಕ್ಕೆ ಹತ್ತು. ಸರಾಸರಿ 11 ಆದರೆ ಏರುಪೇರು ಸುಮಾರು 3, ಅಂದರೆ ನೂರಕ್ಕೆ ಮೂವತ್ತರ ಹತ್ತಿರ. ಸರಾಸರಿ 10,000 ಆದರೆ ಏರುಪೇರು 100, ನೂರಕ್ಕೆ ಒಂದೇ. ಹಗಲು ಬಯಲಿನಲ್ಲಿ ತೆಗೆದ ಫೋಟೋಗಳಲ್ಲಿ ಯಾವ ಕ್ಯಾಮೆರಾದಲ್ಲೂ ಈ ಕಲೆ ಕಣ್ಣಿಗೆ ಬೀಳದಿರುವುದು ಇದಕ್ಕೇ. ಬಿಸಿಲಿಗಿಂತ ಮಬ್ಬು ಕೋಣೆಯಲ್ಲಿ ಬೆಳಕು ಸಾವಿರ ಪಟ್ಟು ಕಡಿಮೆ ಇರಬಹುದು.

ಇಲ್ಲಿ ಅದೇ ಹುಡುಗ ಒಂದು ಒಳ್ಳೆಯ ಆಕ್ಷೇಪ ಎತ್ತಿದ. ಅಣ್ಣನ 108 ಮೆಗಾಪಿಕ್ಸೆಲ್ ಮೊಬೈಲು ಅಮ್ಮನ 12 ಮೆಗಾಪಿಕ್ಸೆಲ್ ಮೊಬೈಲಿಗಿಂತ ಕತ್ತಲಲ್ಲಿ ಚೆನ್ನಾಗಿಯೇ ಫೋಟೋ ತೆಗೆಯುತ್ತದಲ್ಲ? ಅವನು ಕಂಡದ್ದು ನಿಜ. ಕಾರಣ ಹುಡುಕಲು, ಅಣ್ಣನ ಫೋನಿನಲ್ಲಿ ತೆಗೆದ ಯಾವುದಾದರೂ ಒಂದು ಫೋಟೋದ ವಿವರ ತೆರೆದು ಅಳತೆ ಬರೆದುಕೊಂಡು ಬಾ ಎಂದೆ. ಮರುದಿನ ಅವನು ತಂದ ಅಳತೆ 4000 × 3000. ಗುಣಿಸಿದರೆ ಒಂದು ಕೋಟಿ ಇಪ್ಪತ್ತು ಲಕ್ಷ, ಅಂದರೆ 12 ಮೆಗಾಪಿಕ್ಸೆಲ್! ಆ ಸೆನ್ಸರಿನಲ್ಲಿ ಉದ್ದಕ್ಕೆ 12000, ಅಗಲಕ್ಕೆ 9000 ಚೌಕಗಳಿವೆ. ಸಾಮಾನ್ಯ ಬಳಕೆಯಲ್ಲಿ ಫೋನು ಮೂರು ಸಾಲು, ಮೂರು ಕಂಬದ ಒಂಬತ್ತು ಚೌಕಗಳನ್ನು ಕೂಡಿಸಿ ಒಂದು ಮಾಡುತ್ತದೆ. ನಾವು ಕಂಬಳಿಯ ಮೇಲಿನ ದಾರ ತೆಗೆದು 36 ಮನೆಗಳನ್ನು ಮತ್ತೆ ನಾಲ್ಕು ಮಾಡಿದಂತೆ. 108ರ ಪೂರ್ಣ ಲಾಭ ಬೇಕಾದರೆ ಸೆಟ್ಟಿಂಗ್ ಬದಲಿಸಬೇಕು, ಮತ್ತು ಅದು ಒಳ್ಳೆಯ ಬೆಳಕಿನಲ್ಲಿ ಮಾತ್ರ ಕೆಲಸಕ್ಕೆ ಬರುತ್ತದೆ.

ಹಾಗಾದರೆ ಎರಡು ಫೋನುಗಳ ವ್ಯತ್ಯಾಸ ಎಲ್ಲಿಂದ ಬಂತು? ಸೆನ್ಸರಿನ ಗಾತ್ರದಿಂದ. ಅಣ್ಣನ ಫೋನಿನ ಸೆನ್ಸರಿನ ಅಳತೆಯನ್ನು 1/1.33 ಇಂಚು ಎಂದು ಬರೆದಿರುತ್ತಾರೆ. ಈ ಇಂಚು ನಮ್ಮ ಸ್ಕೇಲಿನ ಇಂಚಲ್ಲ. ಹಳೆಯ ಟಿವಿ ಕ್ಯಾಮೆರಾಗಳಲ್ಲಿ ಗಾಜಿನ ಕೊಳವೆಯ ಹೊರವ್ಯಾಸವನ್ನು ಹೀಗೆ ಹೇಳುತ್ತಿದ್ದರು, ಒಳಗಿನ ಚಿತ್ರದ ಜಾಗ ಅದಕ್ಕಿಂತ ಚಿಕ್ಕದಿರುತ್ತಿತ್ತು. ಆ ರೂಢಿ ಹಾಗೇ ಉಳಿದಿದೆ. ಈ ಗಾತ್ರದ ಸೆನ್ಸರುಗಳಿಗೆ ಒಂದು ಇಂಚಿಗೆ 16 ಮಿಲಿಮೀಟರ್ ಕರ್ಣ ಎಂದು ಹಿಡಿದರೆ ಲೆಕ್ಕ ಸರಿಹೋಗುತ್ತದೆ: 16 ÷ 1.33 ಅಂದರೆ 12 ಮಿ.ಮೀ. ಕರ್ಣ. ಬಾಹುಗಳು 4:3 ಪ್ರಮಾಣದಲ್ಲಿರುವುದರಿಂದ 3, 4, 5ರ ತ್ರಿಭುಜ ಸಿಗುತ್ತದೆ. ಉದ್ದ 9.6, ಅಗಲ 7.2 ಮಿ.ಮೀ. ವಿಸ್ತೀರ್ಣ ಸುಮಾರು 69 ಚದರ ಮಿ.ಮೀ. ಪೈಥಾಗೊರಸ್ ಪ್ರಮೇಯ ಮೊಬೈಲಿನೊಳಗೆ ಸಿಕ್ಕಿತೆಂದು ಮಕ್ಕಳಿಗೆ ಖುಷಿಯೋ ಖುಷಿ. ಅಮ್ಮನ ಫೋನಿನಂಥವುಗಳಲ್ಲಿ ಸೆನ್ಸರ್ ಸುಮಾರು 5.6 × 4.2 ಮಿ.ಮೀ., ಅಂದರೆ 24 ಚದರ ಮಿ.ಮೀ. ನಮ್ಮ ಕಾಲೇಜಿನ ಕ್ಯಾಮೆರಾದ್ದು 23.5 × 15.6 ಮಿ.ಮೀ., ಸುಮಾರು 367 ಚದರ ಮಿ.ಮೀ. ಮೂರನ್ನೂ ಗ್ರಾಫ್ ಹಾಳೆಯಲ್ಲಿ ಬರೆದು ಕತ್ತರಿಸಿ ಒಂದರ ಮೇಲೊಂದು ಇಟ್ಟರು. ನನ್ನ ವಿವರಣೆಗಿಂತ ಆ ಮೂರು ತುಂಡು ಕಾಗದ ಹೆಚ್ಚು ಹೇಳಿದವು.

ಆದರೂ ಪಾಠ ಇಲ್ಲಿಗೇ ನಿಂತರೆ ಅರ್ಧ ಸತ್ಯವಾಗುತ್ತದೆ. ದೊಡ್ಡ ಕಂಬಳಿ ಹಾಸಿದ ಮಾತ್ರಕ್ಕೆ ಹೆಚ್ಚು ಅಕ್ಕಿ ಬೀಳುವುದಿಲ್ಲ, ಮೇಲಿನ ಜರಡಿಯೂ ಅಷ್ಟೇ ಅಗಲ ಇರಬೇಕು. ಸೆನ್ಸರಿಗೆ ಬೆಳಕು ಬರುವುದು ಮಸೂರದ ದ್ವಾರದಿಂದ, ಅಂದರೆ ಅಪರ್ಚರಿನಿಂದ. f/1.8 ಎಂದರೆ ದ್ವಾರದ ವ್ಯಾಸ ಸಂಗಮದೂರವನ್ನು 1.8ರಿಂದ ಭಾಗಿಸಿದಷ್ಟು. ಅಣ್ಣನ ಫೋನಿನ ಮಸೂರದ ಸಂಗಮದೂರ ಸುಮಾರು 6.7 ಮಿ.ಮೀ., ಆದ್ದರಿಂದ ದ್ವಾರ 3.7 ಮಿ.ಮೀ. ನಮ್ಮ ಕ್ಯಾಮೆರಾದ ದೊಡ್ಡ ಸೆನ್ಸರಿನ ಮೇಲೆ ಅದೇ ದೃಶ್ಯ ಅಷ್ಟೇ ಅಗಲವಾಗಿ ಮೂಡಬೇಕಾದರೆ ಸಂಗಮದೂರ ಸುಮಾರು 16 ಮಿ.ಮೀ. ಬೇಕು. ಅದೂ f/1.8 ಆಗಿದ್ದರೆ ದ್ವಾರ ಸುಮಾರು 9 ಮಿ.ಮೀ. ಆಗುತ್ತಿತ್ತು, ಐದು ಪಟ್ಟಿಗಿಂತ ಹೆಚ್ಚು ಬೆಳಕು ಒಳಗೆ ಬರುತ್ತಿತ್ತು. ದೊಡ್ಡ ಸೆನ್ಸರಿನ ಉಪಕಾರ ಇದು: ಅದೇ f ಸಂಖ್ಯೆಗೆ ಅದು ದೊಡ್ಡ ಪಾಪೆಯನ್ನು ಹೊಂದಲು ಬಿಡುತ್ತದೆ. ಕಣ್ಣಿನ ಪಾಠಕ್ಕೆ ನಾವು ಹೀಗೆ ಮರಳಿ ಬಂದೆವು. ಒಂದೇ ವ್ಯತ್ಯಾಸ, ನಮ್ಮ ಪಾಪೆ ಕತ್ತಲಲ್ಲಿ ತಾನಾಗಿ ಅಗಲವಾಗುತ್ತದೆ, ಬಹುಪಾಲು ಫೋನುಗಳ ದ್ವಾರ ಹಗಲಿಗೂ ರಾತ್ರಿಗೂ ಒಂದೇ.

ಈಗ ನಮ್ಮ ಮುಂದೆ ಇದ್ದ ಕ್ಯಾಮೆರಾದ ಲೆಕ್ಕ. ಅದಕ್ಕೆ ಹಾಕಿದ್ದು ಕ್ಯಾಮೆರಾದ ಜೊತೆಗೇ ಬರುವ ಸಾಮಾನ್ಯ ಮಸೂರ. ಅಗಲ ನೋಟದಲ್ಲಿ ಅದರ ಅತಿ ದೊಡ್ಡ ದ್ವಾರ f/3.5. ಸೆನ್ಸರ್ ಪಡೆಯುವ ಒಟ್ಟು ಬೆಳಕನ್ನು ಹೋಲಿಸಲು ವಿಸ್ತೀರ್ಣವನ್ನು f ಸಂಖ್ಯೆಯ ವರ್ಗದಿಂದ ಭಾಗಿಸಿದರೆ ಸಾಕು. ಫೋನಿಗೆ 69 ÷ 3.24, ಅಂದರೆ 21. ಕ್ಯಾಮೆರಾಕ್ಕೆ 367 ÷ 12.25, ಅಂದರೆ 30. ಸೆನ್ಸರ್ ಐದು ಪಟ್ಟು ದೊಡ್ಡದಿದ್ದರೂ ಬೆಳಕು ಒಂದೂವರೆ ಪಟ್ಟೂ ಹೆಚ್ಚಿಲ್ಲ! ಅದೇ ಕ್ಯಾಮೆರಾಕ್ಕೆ f/1.8 ಮಸೂರ ಹಾಕಿದರೆ 367 ÷ 3.24, ಅಂದರೆ 113. ಫೋನಿನ ಐದು ಪಟ್ಟಿಗಿಂತ ಹೆಚ್ಚು. ಏರುಪೇರು ವರ್ಗಮೂಲದಂತೆ ನಡೆಯುವುದರಿಂದ ಕಲೆ ಐದರಲ್ಲೊಂದು ಪಾಲಿಗೆ ಇಳಿಯುವುದಿಲ್ಲ, ಅರ್ಧಕ್ಕಿಂತ ಸ್ವಲ್ಪ ಕಡಿಮೆಯಾಗುತ್ತದೆ.

ಮೂರನೆಯ ದಿನ ಮಳೆ ಹಿಡಿದು ಕರೆಂಟು ಹೋಗಿತ್ತು, ಪರೀಕ್ಷೆಗೆ ಅದೇ ಅನುಕೂಲವಾಯಿತು. ಶಿಕ್ಷಕರೊಬ್ಬರ ಫೋನು ಮತ್ತು ಕ್ಯಾಮೆರಾವನ್ನು ಪುಸ್ತಕಗಳ ಮೇಲೆ ಅಲ್ಲಾಡದಂತೆ ಕೂರಿಸಿ, ಎರಡರಲ್ಲೂ ಸಮಯವನ್ನು 1/30 ಸೆಕೆಂಡಿಗೆ ನಿಲ್ಲಿಸಿ ಮೂಲೆಯ ಬೆಂಚಿನ ಚಿತ್ರ ತೆಗೆದೆವು. ಚಿತ್ರಗಳನ್ನು ಪರದೆಯಲ್ಲಿ ಒಂದೇ ಅಳತೆಗೆ ತಂದು ಬೆಂಚಿನ ಕೆಳಗಿನ ನೆರಳನ್ನು ನೋಡಬೇಕು. ಪೂರ್ತಿ ಹಿಗ್ಗಿಸಿ ನೋಡಿದರೆ ಹೆಚ್ಚು ಮೆಗಾಪಿಕ್ಸೆಲ್ ಇರುವುದಕ್ಕೆ ಅನ್ಯಾಯವಾಗುತ್ತದೆ, ಸಣ್ಣ ಮನೆಗಳನ್ನು ಒಂದೊಂದಾಗಿ ಎಣಿಸಿದಂತೆ. ಲೆಕ್ಕ ಹೇಳಿದಂತೆಯೇ f/3.5ರಲ್ಲಿ ಕ್ಯಾಮೆರಾ ಸ್ವಲ್ಪ ಮಾತ್ರ ಮೇಲು. f/1.8 ಮಸೂರ ಹಾಕಿ ಒಂದಿಷ್ಟು ಹಿಂದೆ ಸರಿದು ತೆಗೆದಾಗ ನೆರಳಿನಲ್ಲಿದ್ದ ಚೀಲದ ಬಣ್ಣ ಸ್ಪಷ್ಟವಾಗಿ ಕಂಡಿತು.

ಆಮೇಲೆ ಫೋನನ್ನು ಅದರ ರಾತ್ರಿ ವಿಧಾನಕ್ಕೆ ಹಾಕಿ ತೆಗೆದರೆ ಬೆಂಚಿನ ಚಿತ್ರ ಕ್ಯಾಮೆರಾವನ್ನೂ ಮೀರಿಸಿತು. ಈ ವಿಧಾನದಲ್ಲಿ ಫೋನು ಹಲವು ಚಿತ್ರಗಳನ್ನು ತೆಗೆದು ಕೂಡಿಸುತ್ತದೆ. ಒಂದೇ ಕಂಬಳಿಯ ಮೇಲೆ ಮತ್ತೆ ಮತ್ತೆ ಅಕ್ಕಿ ಉದುರಿಸಿದಂತೆ, ಕಾಳು ಹೆಚ್ಚಾಗುತ್ತವೆ, ಏರುಪೇರು ಇಳಿಯುತ್ತದೆ. ದೃಶ್ಯ ನಿಂತಿರುವಷ್ಟು ಹೊತ್ತು ಮಾತ್ರ ಈ ಉಪಾಯ ನಡೆಯುತ್ತದೆ. ಒಬ್ಬ ಹುಡುಗಿಗೆ ಕೈ ಬೀಸುತ್ತಾ ನಿಲ್ಲಲು ಹೇಳಿ ಅದೇ ವಿಧಾನದಲ್ಲಿ ತೆಗೆದಾಗ ಗೋಡೆ ಸ್ವಚ್ಛವಾಗಿ ಬಂತು, ಕೈ ಮಾತ್ರ ಹೊಗೆಯಂತೆ ಕರಗಿತ್ತು. ಮನೆಯೊಳಗೆ ಓಡಾಡುವ ಮಗುವಿನ ಅಥವಾ ವೇದಿಕೆಯ ನೃತ್ಯದ ಚಿತ್ರಕ್ಕೆ ಒಂದೇ ಗಳಿಗೆಯಲ್ಲಿ ಹೆಚ್ಚು ಬೆಳಕು ಹಿಡಿಯಬೇಕು, ಅಲ್ಲಿ ಅಗಲ ದ್ವಾರವೂ ದೊಡ್ಡ ಸೆನ್ಸರೂ ಬೇಕಾಗುತ್ತವೆ.

ಇದನ್ನು ಪಾಠ ಮಾಡಬಯಸುವ ಸಹಪಾಠಿಗಳಿಗೆ ಎರಡು ಮಾತು. ಅಕ್ಕಿ ಎಣಿಸಲು ಆರೇಳು ಮಕ್ಕಳ ಗುಂಪಿಗೆ ಹದಿನೈದು ನಿಮಿಷ ಹಿಡಿಯುತ್ತದೆ, ಅವಸರ ಮಾಡಿದರೆ ಲೆಕ್ಕ ಕೆಡುತ್ತದೆ. ಮೌಲ್ಯಮಾಪನಕ್ಕೆ ನಾನು ಕೊಟ್ಟ ಪ್ರಶ್ನೆ ಇದು: ಒಂದು ಫೋನು 50 ಮೆಗಾಪಿಕ್ಸೆಲ್, f/1.8, ಸೆನ್ಸರ್ 24 ಚದರ ಮಿ.ಮೀ.; ಇನ್ನೊಂದು 12 ಮೆಗಾಪಿಕ್ಸೆಲ್, f/1.8, ಸೆನ್ಸರ್ 69 ಚದರ ಮಿ.ಮೀ. ದೀಪದ ಬೆಳಕಿನಲ್ಲಿ ಅಜ್ಜಿಯ ಮುಖ ಯಾವುದರಲ್ಲಿ ಚೆನ್ನಾಗಿ ಬರುತ್ತದೆ, ಹಗಲಿನಲ್ಲಿ ದೂರದ ಬಸ್ಸಿನ ಬೋರ್ಡು ಯಾವುದರಲ್ಲಿ ಓದಲು ಸಿಗಬಹುದು? ಎರಡೂ ಭಾಗಕ್ಕೆ ಬೇರೆ ಬೇರೆ ಫೋನನ್ನು ಆರಿಸಿ, ಕಾರಣ ಬರೆದವರಿಗೆ ಪೂರ್ಣ ಅಂಕ ಕೊಟ್ಟೆ.