ಕೋಟಿತೀರ್ಥದ ಮೆಟ್ಟಿಲ ಮೇಲೊಂದು ನೆರಳು

ನಮ್ಮ ಕೋಟೇಶ್ವರದಲ್ಲಿ ಫೋಟೋ ಕೆಲಸ ಮಾಡುವವನಿಗೆ ಒಂದು ಕಷ್ಟ ಉಂಟು. ಕೋಟಿತೀರ್ಥ ಕೆರೆಯನ್ನು ಎಲ್ಲರೂ ಹುಟ್ಟಿದಾಗಿನಿಂದ ಕಂಡವರೇ. ಅಲ್ಲಿ ತಪ್ಪು ಮಾಡಿದರೆ ಅಡಗಿಸುವುದು ಸುಲಭ ಅಲ್ಲ.

ಹಿಂದಿನ ಮನೆಯ ಅಮ್ಮ ತೀರಿಹೋದ ಮಗನ ಫೋಟೋ ಹಿಡಿದುಕೊಂಡು ಬಂದರು. ಯಾವುದೋ ಮದುವೆಯ ದಿನ ಅಂಗಳದಲ್ಲಿ ನಿಂತದ್ದು. "ಕೆರೆ ಮೆಟ್ಟಿಲ ಮೇಲೆ ನಿಲ್ಸಿ ಕೊಡ್ ಮಗಾ" ಅಂದರು. ನನ್ನ ಹತ್ತಿರ ಸಂಜೆ ತೆಗೆದ ಕೆರೆಯ ಚಿತ್ರ ಇತ್ತು. ಕತ್ತರಿಸಿ ಅಂಟಿಸಿದೆ, ಕಾಲ ಕೆಳಗೆ ಒಂದಿಷ್ಟು ಕಪ್ಪು ಬಳಿದೆ, ಅವನನ್ನೇ ತಲೆಕೆಳಗು ಮಾಡಿ ನೀರಲ್ಲಿಟ್ಟೆ. ಅಮ್ಮ ಸುಮಾರು ಹೊತ್ತು ನೋಡಿ, "ಮಾಣಿ ಅಲ್ಲಿ ನಿಂತಾಂಗ್ ಕಾಂತಿಲ್ಲ" ಅಂದರು. ಬೇರೇನೂ ಹೇಳಲಿಲ್ಲ.

ರಾತ್ರಿ ಕೂತು ನೋಡಿದೆ. ಮೂಗಿನ ನೆರಳು ನನ್ನ ಬಲಕ್ಕೆ ಬಿದ್ದಿತ್ತು, ಅಂದರೆ ಬಿಸಿಲು ಎಡದಿಂದ. ಗಲ್ಲದ ಕೆಳಗಿನ ನೆರಳಿನ ಅಂಚು ಚೂಪಾಗಿತ್ತು, ಅಂದರೆ ಮೋಡ ಇಲ್ಲದ ನೇರ ಬಿಸಿಲು. ಕೆರೆಯ ಚಿತ್ರದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ತೆಗೆದದ್ದರಿಂದ ಸಂಜೆ ಸೂರ್ಯ ಬಲಕ್ಕಿದ್ದ. ಹುಡುಗನನ್ನು ಎಡಬಲ ತಿರುಗಿಸಿದರೆ ಅಂಗಿಯ ಜೇಬು, ಬೈತಲೆ ಎಲ್ಲ ಆಚೆಗೆ ಹೋಗುತ್ತದೆ. ತಾಯಿಗೆ ಗೊತ್ತಾಗದೇ ಇರುತ್ತದಾ? ಕೆರೆ ತಿರುಗಿಸಿದರೆ ಊರಿಗೇ ಗೊತ್ತಾಗುತ್ತದೆ.

ಮುಖದ ಬೆಳಕು ಬದಲಿಸಲು ಆಗದು, ಕೆರೆಯ ಬೆಳಕು ಬದಲಿಸಬಹುದು. ಮೇ ತಿಂಗಳು. ಬೆಳಿಗ್ಗೆ ಒಂಬತ್ತಕ್ಕೆ ಅದೇ ದಿಕ್ಕಿಗೆ ಕ್ಯಾಮೆರಾ ಹಿಡಿದೆ. ಸೂರ್ಯ ಈಗ ಎಡಕ್ಕೆ, ಈಶಾನ್ಯದ ಕಡೆ ಸ್ವಲ್ಪ ವಾಲಿದ್ದ. ನಮ್ಮ ಕಡೆ ನೋಡುವ ಮುಖಕ್ಕೆ ಬೆಳಕು ಬೀಳುತ್ತದೆ. ಡಿಸೆಂಬರ್‌ನಲ್ಲಾದರೆ ಅವನು ಆಗ್ನೇಯಕ್ಕೆ ಸರಿದು ಬೆನ್ನ ಹಿಂದೆ ಹೋಗುತ್ತಿದ್ದ. ಜೊತೆಗೆ ಬಂದ ಅಳಿಯನನ್ನು ಎದುರಿನ ಮೆಟ್ಟಿಲಲ್ಲಿ ನಿಲ್ಲಿಸಿ ಒಂದು ಚಿತ್ರ ತೆಗೆದೆ, ಅವನನ್ನು ಬದಿಗೆ ಸರಿಸಿ ಅಲ್ಲಾಡಿಸದೆ ಇನ್ನೊಂದು.

ಮೊದಲ ಚಿತ್ರವೇ ಗುರು. ಅಳಿಯನ ನೆರಳು ಅವನಿಗಿಂತ ಸ್ವಲ್ಪ ಉದ್ದ. ಪಾದದ ಹತ್ತಿರ ಗೀಟು ಎಳೆದಂತೆ ಚೂಪು, ತಲೆಯ ಹತ್ತಿರ ಅಂಚು ಎರಡು ಸೆಂಟಿಮೀಟರ್‌ನಷ್ಟು ಮಸುಕು. ಸೂರ್ಯ ಚುಕ್ಕಿಯಲ್ಲ, ಸಣ್ಣ ತಟ್ಟೆ. ಹಾಗಾಗಿ ನೆರಳು ದೂರ ಹೋದಂತೆ ಅಂಚು ಮೀಟರಿಗೆ ಸುಮಾರು ಒಂದು ಸೆಂಟಿಮೀಟರ್ ಹರಡುತ್ತದೆ. ಹಿಂದಿನ ಮೆಟ್ಟಿಲು ಸಿಕ್ಕಲ್ಲಿ ನೆರಳು ಮುರಿದು ಮೇಲೆ ಹತ್ತುತ್ತದೆ. ಬಣ್ಣವೂ ಕಪ್ಪಲ್ಲ, ಆಕಾಶದ ನೀಲಿ ಬೆರೆತ ಕಲ್ಲಿನ ಬಣ್ಣ. ನಾನು ಬಳಿದದ್ದು ಎಲ್ಲ ಕಡೆ ಒಂದೇ ಮಸುಕಿನ ಮಸಿ.

ನೀರಿನದು ಇನ್ನೂ ದೊಡ್ಡ ತಪ್ಪು. ಅಳಿಯ ನೀರಿಗಿಂತ ಮೂರು ಮೆಟ್ಟಿಲು ಮೇಲಿದ್ದ. ನೀರಲ್ಲಿ ಮೊದಲು ಕಂಡದ್ದು ಮೆಟ್ಟಿಲುಗಳ ಪ್ರತಿಬಿಂಬ, ಅದಾದ ಮೇಲೆ ಅವನು. ಪಾದ ಕಾಣಲೇ ಇಲ್ಲ. ಪ್ರತಿಬಿಂಬ ಅಂದರೆ ನೀರಿನಡಿಯಿಂದ ಮೇಲಕ್ಕೆ ನೋಡಿದ ನೋಟ, ಅಲ್ಲಿ ಮೆಟ್ಟಿಲಂಚು ಪಾದ ಮುಚ್ಚುತ್ತದೆ. ನಾನು ಪಾದಕ್ಕೆ ಪಾದ ತಾಗಿಸಿ ಇಟ್ಟಿದ್ದಕ್ಕೇ ಹುಡುಗ ತೇಲುತ್ತಿದ್ದದ್ದು.

ಅಳಿಯನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಖಾಲಿ ಮೆಟ್ಟಿಲ ಮೇಲೆ ಎಲ್ಲ ಮತ್ತೆ ಮಾಡಿದೆ. ಹಿಂದುಗಡೆ "ಸೇರಿಸಿದ ಚಿತ್ರ" ಎಂದು ಬರೆದೇ ಕೊಟ್ಟೆ. ಅಮ್ಮ ಬೆರಳಿನಿಂದ ಆ ನೆರಳನ್ನು ಸವರಿ ಕೇಳಿದರು: "ಬೆಳಿಗ್ಗೆ ಹೊತ್ತಾ ಇದು?"

ಹೌದು ಅಂದೆ.